ಟೇಪು ಡಿಜಿಟಲೀಕರಣ, ಹತ್ತನೇ ತಿಂಗಳ ದಾಖಲೆ: ಗಡುವು ವಿಸ್ತರಣೆಯ ಮನವಿ

ಈ ತಿಂಗಳ ಕೊನೆಗೆ 480 ರೀಲುಗಳಲ್ಲಿ 380 ಮುಗಿದಿವೆ. ಅನುದಾನದ ಅವಧಿ 12 ತಿಂಗಳು, ಅದರಲ್ಲಿ ಉಳಿದದ್ದು ಎರಡು. ನೂರು ರೀಲು ತಾನೇ, ಎರಡು ತಿಂಗಳಲ್ಲಿ ಆಗದೇ ಎಂದು ಕೇಳುವವರಿಗೆ ಉತ್ತರ ಒಂದೇ: ಆ ನೂರರಲ್ಲಿ 80 ಅಂಟು ಹಿಡಿದ ಟೇಪುಗಳು. ಮೂರು ತಿಂಗಳ ವಿಸ್ತರಣೆ ಕೇಳಿ ಅನುದಾನ ಸಂಸ್ಥೆಗೆ ಪತ್ರ ಸಿದ್ಧವಾಗಿದೆ. ಅದರಲ್ಲಿ ಏನಿದೆ, ಲೆಕ್ಕ ಹೇಗೆ ಬಂತು ಎಂಬುದು ಇಲ್ಲಿದೆ.

ಮೊದಲು ಮೂಲ ಅಂದಾಜು. ಮೊದಲ ಎರಡು ತಿಂಗಳು ಯಂತ್ರ ಜೋಡಣೆ, ಹೊಂದಾಣಿಕೆ. ನಂತರ ದಿನಕ್ಕೆ 4 ರೀಲಿನಂತೆ 120 ಕೆಲಸದ ದಿನ, ಅಂದರೆ ಆರು ತಿಂಗಳು. ಕೊನೆಯ ನಾಲ್ಕು ತಿಂಗಳು ಪರಿಶೀಲನೆ, ವಿವರಪಟ್ಟಿ ಮತ್ತು ವರದಿಗೆ. ಏಳು ಇಂಚಿನ ರೀಲಿನಲ್ಲಿ ಸಾಮಾನ್ಯ ದಪ್ಪದ ಟೇಪಾದರೆ 1200 ಅಡಿ ಇರುತ್ತದೆ. ಸೆಕೆಂಡಿಗೆ ಏಳೂವರೆ ಇಂಚಿನ ವೇಗದಲ್ಲಿ ಒಂದು ಬದಿಗೆ 32 ನಿಮಿಷ, ಎರಡೂ ಬದಿಗೆ ಒಂದು ಗಂಟೆಗೆ ಸ್ವಲ್ಪ ಮೇಲೆ. ಟೇಪನ್ನು ಅದರ ಸ್ವಂತ ವೇಗದಲ್ಲೇ ಓಡಿಸಬೇಕು, ಅವಸರ ಮಾಡುವಂತಿಲ್ಲ. ಸುತ್ತುವುದು, ಶುಚಿ ಮಾಡುವುದು, ಹೆಸರು ಬರೆಯುವುದು ಸೇರಿ ದಿನಕ್ಕೆ ನಾಲ್ಕು ಎಂಬ ಅಂದಾಜು ಸರಿಯೇ ಇತ್ತು. ಒಳ್ಳೆಯ ಟೇಪುಗಳಲ್ಲಿ ಇಂದಿಗೂ ಅದೇ ವೇಗ ಸಿಗುತ್ತಿದೆ.

ಲೆಕ್ಕ ಕೆಟ್ಟದ್ದು ಅಂಟಿನಿಂದ. 1970–80ರ ದಶಕಗಳ ಕೆಲವು ಟೇಪುಗಳಲ್ಲಿ ಕಾಂತೀಯ ಪುಡಿಯನ್ನು ಪಟ್ಟಿಗೆ ಹಿಡಿದಿಡುವ ಪಾಲಿಯುರೆಥೇನ್ ಅಂಟು ಗಾಳಿಯ ತೇವ ಹೀರಿ ಒಡೆಯುತ್ತದೆ. ಹೊರನೋಟಕ್ಕೆ ಏನೂ ಕಾಣುವುದಿಲ್ಲ, ರೀಲು ಹೊಸದರಂತೆಯೇ ಇರುತ್ತದೆ. ಓಡಿಸಿದ ಕೆಲವೇ ನಿಮಿಷಗಳಲ್ಲಿ ಕೀರಲು ಸದ್ದು ಶುರುವಾಗುತ್ತದೆ, ಮೇಲಿನ ಸ್ಥಾಯಿಯ ಧ್ವನಿ ಮಂಕಾಗುತ್ತದೆ, ಹೆಡ್ಡಿನ ಮೇಲೆ ಹತ್ತಿ ಒರೆಸಿದರೆ ಕಂದು ಬಣ್ಣದ ಜಿಗುಟು ಮೆತ್ತಿಕೊಳ್ಳುತ್ತದೆ. ಹಾಗೆಯೇ ಓಡಲು ಬಿಟ್ಟರೆ ಆ ಕಂದಿನ ಜೊತೆಗೆ ಧ್ವನಿಯೂ ಪಟ್ಟಿಯಿಂದ ಕಳಚಿ ಹೋಗುತ್ತದೆ. ಅರ್ಜಿಯ ಹೊತ್ತಿಗೆ ಇಂಥವು ಹತ್ತಕ್ಕೊಂದು ಇರಬಹುದೆಂದು ಅಂದಾಜಿಸಲಾಗಿತ್ತು. ಈಗ 480ರಲ್ಲಿ 220 ಎಂದು ಖಚಿತವಾಗಿದೆ.

ಪರಿಹಾರವಿದೆ, ಆದರೆ ನಿಧಾನದ್ದು. ರೀಲನ್ನು ಶಾಖಪೆಟ್ಟಿಗೆಯಲ್ಲಿ ಸುಮಾರು 54 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂಟು ಗಂಟೆ ಇಟ್ಟು, ಮಧ್ಯೆ ಮಗುಚಿ, ಮತ್ತೆ ಅಷ್ಟೇ ಹೊತ್ತು ತಣಿಯಲು ಬಿಡಬೇಕು. ಆಮೇಲೆ ಕೆಲವು ವಾರಗಳ ಮಟ್ಟಿಗೆ ಟೇಪು ಓಡುತ್ತದೆ, ನಂತರ ಅಂಟು ಮರಳುತ್ತದೆ. ಆದ್ದರಿಂದ ಎಲ್ಲವನ್ನೂ ಒಟ್ಟಿಗೆ ಬಿಸಿ ಮಾಡಿ ಸಾಲಾಗಿ ಜೋಡಿಸಿಡುವುದರಿಂದ ಪ್ರಯೋಜನವಿಲ್ಲ. ಇದಕ್ಕೂ ಮುಂಚೆ ಪ್ರತಿ ರೀಲನ್ನೂ ಬೆಳಕಿಗೆ ಹಿಡಿದು ನೋಡಲೇಬೇಕು. ಸುತ್ತಿದ ಪದರಗಳ ಮೂಲಕ ಬೆಳಕು ತೂರಿ ಬಂದರೆ ಅದು ಅಸಿಟೇಟ್, ಅದನ್ನು ಬಿಸಿ ಮಾಡಕೂಡದು.

ಅನುದಾನ ಸಂಸ್ಥೆಯವರು ಕೇಳಬಹುದಾದ ಮೊದಲ ಪ್ರಶ್ನೆ ಇದು: ಇನ್ನೊಂದು ಶಾಖಪೆಟ್ಟಿಗೆ ತಂದರೆ ಬೇಗ ಆಗದೇ? ಆಗದು. ಈಗಿನ ಪೆಟ್ಟಿಗೆಯಲ್ಲಿ ದಿನಕ್ಕೆ ಆರು ರೀಲು ಬಿಸಿಯಾಗುತ್ತವೆ, ಯಂತ್ರ ನುಂಗುವುದು ಎರಡನ್ನೇ. ಬಿಸಿ ಮಾಡಿದ ಟೇಪನ್ನೂ ಪಕ್ಕದಲ್ಲಿ ಕೂತು ಕೇಳುತ್ತ ಓಡಿಸಬೇಕು. ಸದ್ದು ಬಂದ ತಕ್ಷಣ ನಿಲ್ಲಿಸಿ, ಹೆಡ್ಡು ಒರೆಸಿ, ಆ ಬದಿಯನ್ನು ಮೊದಲಿಂದ ತೆಗೆದುಕೊಳ್ಳಬೇಕು. ಎಂಟಕ್ಕೊಂದು ರೀಲು ಮತ್ತೆ ಪೆಟ್ಟಿಗೆಗೇ ಹೋಗುತ್ತದೆ. ಎರಡನೇ ಪ್ಲೇಯರ್ ಇದ್ದರೆ ನಿಜಕ್ಕೂ ಅನುಕೂಲ, ಆದರೆ ಅದಕ್ಕೆ ಎರಡನೇ ತಂತ್ರಜ್ಞರೂ ಬೇಕು. ಅದು ಹೆಚ್ಚುವರಿ ಹಣ ಕೇಳಿದಂತೆ, ಹಾಗಾಗಿ ಪತ್ರದಲ್ಲಿ ಈ ದಾರಿಯನ್ನು ಹೇಳಿ, ಏಕೆ ಕೇಳುತ್ತಿಲ್ಲ ಎಂಬುದನ್ನೂ ಬರೆದಿದೆ.

ಎರಡನೇ ಕಾರಣ ಯಂತ್ರದ್ದು. ಟೇಪನ್ನು ಒತ್ತಿ ಎಳೆಯುವ ಪಿಂಚ್ ರೋಲರ್‌ನ ರಬ್ಬರ್ ಗಟ್ಟಿಯಾಗಿ, ಪರೀಕ್ಷಾ ಟೇಪಿನ ಒಂದೇ ಸಮನೆಯ ಸ್ವರ ನಡುಗತೊಡಗಿತು. ಹೊಸ ಬಿಡಿಭಾಗ ಸಿಗದೆ ಹಳೆಯದಕ್ಕೇ ರಬ್ಬರ್ ಹೊದಿಸಿ ಅಳತೆಗೆ ಸಾಣೆ ಹಿಡಿಸಬೇಕಾಯಿತು. 30 ಕೆಲಸದ ದಿನ ಹೋದವು. ಪತ್ರದಲ್ಲಿ ಇದನ್ನು ಎರಡೇ ವಾಕ್ಯದಲ್ಲಿ ಮುಗಿಸಿದೆ, ಏಕೆಂದರೆ ತಡದ ದೊಡ್ಡ ಪಾಲು ಇದರದ್ದಲ್ಲ. ಎಲ್ಲ ತಪ್ಪನ್ನೂ ಕೆಟ್ಟ ಯಂತ್ರದ ತಲೆಗೆ ಕಟ್ಟುವುದು ಸುಲಭ, ಆದರೆ ಮಾಸಿಕ ವರದಿಗಳಲ್ಲಿನ ರೀಲು ಸಂಖ್ಯೆ ನೋಡಿದ ಯಾರಿಗೂ ಅದು ಹೊಂದುವುದಿಲ್ಲ ಎಂದು ಗೊತ್ತಾಗುತ್ತದೆ.

ಇನ್ನು ಬೇಕಾದ ಅವಧಿ. ಒಳ್ಳೆಯ 20 ರೀಲಿಗೆ 5 ದಿನ. ಅಂಟಿನ 80ಕ್ಕೆ 40 ದಿನ. ಮತ್ತೆ ಬಿಸಿ ಮಾಡಬೇಕಾದ ಹತ್ತಕ್ಕೆ 5. ಕೊನೆಯ ಕಂತಿನ ಪರಿಶೀಲನೆ, ವಿವರಪಟ್ಟಿಗೆ 20, ವರದಿಗೆ 20. ಒಟ್ಟು 90 ದಿನ. ಕೈಯಲ್ಲಿರುವುದು 40. ಕೊರತೆ 50 ದಿನ, ತಿಂಗಳಿಗೆ 20 ಕೆಲಸದ ದಿನದಂತೆ ಎರಡೂವರೆ ತಿಂಗಳು. ಕೇಳಿದ್ದು ಮೂರು. ಮಿಕ್ಕ ಹತ್ತು ದಿನವನ್ನು ಬೇರೆ ಕೆಲಸಗಳೊಳಗೆ ಅಡಗಿಸದೆ ‘ಮೀಸಲು’ ಎಂದೇ ತೋರಿಸಿದೆ. ವಿಸ್ತರಣೆಯನ್ನು ಒಂದೇ ಸಲ, ಸಾಲುವಷ್ಟು ಕೇಳುವುದು ಮೇಲು. ಎರಡನೇ ಸಲ ಕೇಳಲು ಹೋದರೆ ಮೊದಲ ಲೆಕ್ಕದ ಮೇಲೂ ನಂಬಿಕೆ ಉಳಿಯುವುದಿಲ್ಲ.

ಪತ್ರದ ಮುಖ್ಯ ಭಾಗ ಹೀಗಿದೆ:

> ಮಾನ್ಯರೇ,
> ಯೋಜನೆಯ ಮುಕ್ತಾಯವನ್ನು 12ನೇ ತಿಂಗಳ ಅಂತ್ಯದಿಂದ 15ನೇ ತಿಂಗಳ ಅಂತ್ಯಕ್ಕೆ ವಿಸ್ತರಿಸಬೇಕೆಂದು ಕೋರುತ್ತೇವೆ. ಹೆಚ್ಚುವರಿ ಅನುದಾನ ಕೋರುತ್ತಿಲ್ಲ. ಒಪ್ಪಿಕೊಂಡ 480 ರೀಲುಗಳ ಗುರಿಯಲ್ಲೂ ಧ್ವನಿಯ ಗುಣಮಟ್ಟದಲ್ಲೂ ಬದಲಾವಣೆಯಿಲ್ಲ.
> ಅಂಟು ಹಿಡಿದ ಟೇಪುಗಳು ಹತ್ತನೇ ಒಂದು ಭಾಗ ಇರಬಹುದೆಂಬ ನಮ್ಮ ಅಂದಾಜು ಕಡಿಮೆಯಾಗಿತ್ತು. ಅವು 220 ಇವೆ, ದಿನಕ್ಕೆ ನಾಲ್ಕರ ಬದಲು ಎರಡು ಮಾತ್ರ ಸಾಗುತ್ತವೆ.
> ಪರಿಷ್ಕೃತ ವೇಳಾಪಟ್ಟಿ: 12ನೇ ತಿಂಗಳ ಅಂತ್ಯಕ್ಕೆ 470 ರೀಲುಗಳ ಮೊದಲ ಧ್ವನಿಗ್ರಹಣ ಪೂರ್ಣ. 13ನೇ ತಿಂಗಳ ಮಧ್ಯಕ್ಕೆ ಉಳಿದವೂ, ಮರುಶಾಖದವೂ ಪೂರ್ಣ. 14ನೇ ತಿಂಗಳ ಮಧ್ಯಕ್ಕೆ ಪರಿಶೀಲನೆ ಮತ್ತು ವಿವರಪಟ್ಟಿ. 15ನೇ ತಿಂಗಳ ಮಧ್ಯಕ್ಕೆ ಅಂತಿಮ ವರದಿ. ನಂತರದ 10 ಕೆಲಸದ ದಿನ ಮೀಸಲು.

ಹೆಚ್ಚುವರಿ ಹಣ ಬೇಡ ಎಂದ ಮೇಲೆ ಮೂರು ತಿಂಗಳ ಸಂಬಳ ಎಲ್ಲಿಂದ ಎಂಬುದನ್ನೂ ಹೇಳಲೇಬೇಕು, ಹೇಳದಿದ್ದರೆ ಪತ್ರ ಪ್ರಶ್ನೆಯೊಂದಿಗೆ ವಾಪಸು ಬರುತ್ತದೆ. ಪ್ರಯಾಣಕ್ಕೆಂದು ಇಟ್ಟದ್ದರಲ್ಲಿ ಬಹುಪಾಲು ಖರ್ಚಾಗಿಲ್ಲ. ಅದನ್ನು ತಂತ್ರಜ್ಞರ ಸಂಬಳಕ್ಕೆ ವರ್ಗಾಯಿಸಲು ಇದೇ ಪತ್ರದಲ್ಲಿ ಅನುಮತಿ ಕೇಳಿದೆ, ಹಳೆಯ ಮತ್ತು ಹೊಸ ಬಜೆಟ್ಟನ್ನು ಅಕ್ಕಪಕ್ಕದ ಕಾಲಂಗಳಲ್ಲಿ ಲಗತ್ತಿಸಿದೆ. ಅನುಮತಿ ಬರುವ ಮುನ್ನ ಆ ಹಣ ಮುಟ್ಟುವಂತಿಲ್ಲ. ಅವಧಿ ಮುಗಿದ ಮೇಲಿನ ಖರ್ಚನ್ನು ಸಾಮಾನ್ಯವಾಗಿ ಒಪ್ಪುವುದೂ ಇಲ್ಲ. ಎರಡು ತಿಂಗಳು ಇರುವಾಗಲೇ ಬರೆದದ್ದು ಇದಕ್ಕೇ.

ಒಂದೇ ತಿಂಗಳು ಸಿಕ್ಕರೆ? ಆಗ ಸಿಗುವುದು 60 ದಿನ. ಕೊನೆಯ 40 ದಿನ ಪರಿಶೀಲನೆ ಮತ್ತು ವರದಿಗೆ ಹೋಗುತ್ತವೆ, ಧ್ವನಿಗ್ರಹಣಕ್ಕೆ ಉಳಿಯುವುದು 20. ಒಳ್ಳೆಯ 20 ರೀಲು ಮುಗಿದ ಮೇಲೆ 15 ದಿನದಲ್ಲಿ ಅಂಟಿನವು ಹೆಚ್ಚೆಂದರೆ 30, ಮರುಶಾಖಕ್ಕೆ ಹೋಗುವವನ್ನು ಕಳೆದರೆ ಇನ್ನೂ ಕಡಿಮೆ. ಐವತ್ತಕ್ಕೂ ಹೆಚ್ಚು ರೀಲು ಕೈಬಿಡಬೇಕಾಗುತ್ತದೆ. ಯಾವುವು ಎಂಬುದಕ್ಕೆ ಪಟ್ಟಿ ಮಾಡಿ ಲಗತ್ತಿಸಿದೆ: ಬೇರೆಡೆ ಪ್ರತಿ ಇರುವವು ಪಟ್ಟಿಯ ಕೊನೆಗೆ, ಒಂದೇ ಪ್ರತಿಯಿದ್ದು ಕಂದು ಉದುರುತ್ತಿರುವವು ಮೊದಲಿಗೆ. ಉತ್ತರ ಬರುವವರೆಗೂ ಕೆಲಸ ಇದೇ ಕ್ರಮದಲ್ಲಿ ನಡೆಯುತ್ತದೆ. ನಾಳೆ ಪೆಟ್ಟಿಗೆಗೆ ಹೋಗುವುದು ಪಟ್ಟಿಯ ಮೊದಲ ಆರು.