ಹತ್ತರಿಂದ ಭಾಗಿಸಬಾರದ ಸಾಲು

"ಅಂಕಿಗಳನ್ನ ಹಾಗೇ ಕಾಪಿ ಮಾಡಿದ್ರೆ ಆಯ್ತಲ್ವಾ? ಅದಕ್ಕೂ ಅನುವಾದದ ದುಡ್ಡು ಯಾಕೆ?" ಕಂಪನಿಗಳ ಹಣಕಾಸು ವರದಿಗಳನ್ನು ಕನ್ನಡಕ್ಕೆ ಅನುವಾದಿಸುವ ನನ್ನನ್ನು ಗ್ರಾಹಕರು ಕೇಳುವ ಪ್ರಶ್ನೆ ಇದು.

ಆಗುವುದಿಲ್ಲ. ದುಡ್ಡು ಅದಕ್ಕೇ.

ಇಂಗ್ಲಿಷ್ ವರದಿಯಲ್ಲಿ ಆದಾಯ 1,245.6 ಮಿಲಿಯನ್ ರೂಪಾಯಿ ಎಂದಿರುತ್ತದೆ. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ ಯಾರಾದರೂ ಮಿಲಿಯನ್‌ನಲ್ಲಿ ಲೆಕ್ಕ ಹೇಳಿದ್ದನ್ನು ಕೇಳಿದ್ದೀರಾ? ಹತ್ತು ಮಿಲಿಯನ್‌ಗೆ ಒಂದು ಕೋಟಿ. ಹತ್ತರಿಂದ ಭಾಗಿಸಿದರೆ ಇದು 124.56 ಕೋಟಿ. ಪೂರ್ತಿ ಬರೆದರೆ 1,24,56,00,000. ಬಲಗಡೆಯಿಂದ ಮೊದಲು ಮೂರು ಅಂಕಿ ಬಿಟ್ಟು ಕಾಮಾ, ಆಮೇಲೆ ಎರಡೆರಡಕ್ಕೆ.

"ಅಷ್ಟೇನಾ? ಎಕ್ಸೆಲ್‌ನಲ್ಲಿ ಒಂದು ನಿಮಿಷದ ಕೆಲಸ" ಅನ್ನುತ್ತಾರೆ. ನಾನೂ ಒಮ್ಮೆ ಹಾಗೇ ಅಂದುಕೊಂಡೆ. ಒಂದು ಕಂಪನಿಯ ವರದಿ. ಪಟ್ಟಿಯ ತಲೆಯಲ್ಲಿ "ಮಿಲಿಯನ್ ರೂಪಾಯಿಗಳಲ್ಲಿ" ಎಂದಿದ್ದುದನ್ನು "ಕೋಟಿ ರೂಪಾಯಿಗಳಲ್ಲಿ" ಎಂದು ಬದಲಾಯಿಸಿ, ಇಡೀ ಕಾಲಂ ಅನ್ನು ಹತ್ತರಿಂದ ಭಾಗಿಸಿದೆ. ನಿವ್ವಳ ಲಾಭ 184 ಇದ್ದದ್ದು 18.40 ಆಯಿತು. ಸರಿಯೇ. ಕೊನೆಯ ಸಾಲಿನ 18.40 ಕೂಡ 1.84 ಆಯಿತು. ಅದು ಪ್ರತಿ ಷೇರಿನ ಗಳಿಕೆ. ಪಟ್ಟಿಯೆಲ್ಲ ಮಿಲಿಯನ್‌ನಲ್ಲಿದ್ದರೂ ಆ ಸಾಲು ಬರೀ ರೂಪಾಯಿಯಲ್ಲಿರುತ್ತದೆ.

ಕಂಡುಹಿಡಿದವರು ತುಮಕೂರಿನ ನಮ್ಮ ಬೀದಿಯ ನಿವೃತ್ತ ಮೇಷ್ಟ್ರು. ಅವರ ಹತ್ತಿರ ಆ ಕಂಪನಿಯ ಷೇರು ಇತ್ತು. "ಏನಪ್ಪಾ, ಒಂದು ಕೋಟಿ ಷೇರು, ಹದಿನೆಂಟು ಕೋಟಿ ಚಿಲ್ಲರೆ ಲಾಭ. ಷೇರಿಗೆ ಎರಡು ರೂಪಾಯಿಯೂ ಇಲ್ವಾ?" ಗೇಟಿನ ಹತ್ತಿರ ನಿಂತೇ ಭಾಗಾಕಾರ ಮಾಡಿಬಿಟ್ಟಿದ್ದರು. ಇಂದಿಗೂ ನನ್ನ ಪರೀಕ್ಷೆ ಅದೇ: ಲಾಭವನ್ನು ಷೇರುಗಳ ಸಂಖ್ಯೆಯಿಂದ ಭಾಗಿಸಿ ಕೊನೆಯ ಸಾಲಿಗೆ ಹೋಲಿಸಿ ನೋಡುವುದು.

ಹಾಗಾಗಿ "ಯಾವುದನ್ನು ಮುಟ್ಟಬಾರದು?" ಎಂದು ಯಾರಾದರೂ ಕೇಳಲಿ ಎಂದು ಕಾಯುತ್ತಿರುತ್ತೇನೆ. ಷೇರಿನ ಗಳಿಕೆ, ಶೇಕಡಾವಾರು, ಟಿಪ್ಪಣಿ ಸಂಖ್ಯೆ, ಇವನ್ನು ಮುಟ್ಟಬಾರದು. ಡಾಲರ್‌ನಲ್ಲಿರುವ ಸಾಲ ಡಾಲರ್‌ನಲ್ಲೇ ಇರಲಿ. ಯಾವ ದಿನದ ದರಕ್ಕೆ ರೂಪಾಯಿ ಮಾಡುವುದು ಎನ್ನುವುದು ಲೆಕ್ಕಪರಿಶೋಧಕರ ತಲೆನೋವು, ನನ್ನದಲ್ಲ.

ದಶಮಾಂಶವನ್ನೂ ಸುಮ್ನೆ ಕತ್ತರಿಸಬಾರದು. 124.56, 31.86, 7.78 ಕೂಡಿದರೆ 164.20. ಒಂದೇ ದಶಮಾಂಶ ಸಾಕು ಎಂದು 124.6, 31.9, 7.8 ಮಾಡಿದರೆ ಮೊತ್ತ 164.3. ಕೆಳಗೆ ಅಚ್ಚಾಗಿರುವುದು 164.2. ಮೇಷ್ಟ್ರು ಮತ್ತೆ ಗೇಟಿಗೆ ಬರುತ್ತಾರೆ.

ಇನ್ನು ದಿನಾಂಕ. ಅಮೆರಿಕದ ಮಾತೃಸಂಸ್ಥೆಯಿಂದ ಬಂದ ಕಾಗದದಲ್ಲಿ 03/04/2024 ಎಂದರೆ ಮಾರ್ಚ್ 4, ನಮಗೆ ಏಪ್ರಿಲ್ 3. ನಡುವೆ ಮಾರ್ಚ್ 31 ಬರುವುದರಿಂದ ಪಾವತಿ ಬೇರೆಯೇ ಹಣಕಾಸು ವರ್ಷಕ್ಕೆ ಹಾರಿಬಿಡುತ್ತದೆ. ಅದೇ ಕಾಗದದಲ್ಲಿ 03/25/2024ರಂಥ ದಿನಾಂಕ ಇದೆಯೇ ಎಂದು ಹುಡುಕುತ್ತೇನೆ. ಸಿಕ್ಕರೆ ತಿಂಗಳು ಮೊದಲು ಎಂದರ್ಥ. ಸಿಗದಿದ್ದರೆ ಫೋನ್ ಮಾಡಿ ಕೇಳುತ್ತೇನೆ. ಬರೆಯುವಾಗ ತಿಂಗಳನ್ನು ಅಕ್ಷರದಲ್ಲೇ ಬರೆಯುತ್ತೇನೆ: 2024ರ ಮಾರ್ಚ್ 4.

ಆ ಫೋನ್ ಕರೆಯ ದುಡ್ಡನ್ನು ಮಾತ್ರ ಬಿಲ್ಲಿಗೆ ಸೇರಿಸಿಲ್ಲ.