ಬಣ್ಣ ತೆಗೆದು ನೋಡಿದ ಕಿರೀಟ

ಕಾಸರಗೋಡಿನಲ್ಲಿ ಫ್ಲೆಕ್ಸ್, ಬೋರ್ಡು, ಸ್ಟಿಕ್ಕರ್ ಕಟಿಂಗ್ ಮಾಡುವ ಅಂಗಡಿಯೊಂದರಲ್ಲಿ ನನ್ನ ಕೆಲಸ. ಡಿಸೈನ್ ಬೇರೆಯವರು ಮಾಡುತ್ತಾರೆ. ಆ ಫೈಲ್ ಕಟಿಂಗ್ ಮೆಷಿನ್‌ಗೆ ಹೋಗುವ ಮುಂಚೆ ಅದನ್ನು ಬಿಡಿಸಿ ನೋಡಿ, ಸರಿ ಅನ್ನುವುದು ಇಲ್ಲವೇ ವಾಪಸ್ ಕಳಿಸುವುದು ನನ್ನ ಪಾಲಿಗೆ ಬಂದಿದೆ. ಫೈಲನ್ನು ಹೇಗೆ ನೋಡುತ್ತೇನೆ ಅಂತ ಹೇಳಲು ಒಂದೇ ಚಿತ್ರ ಸಾಕು: ಯಕ್ಷಗಾನದ ತೆಂಕುತಿಟ್ಟಿನ ಕಿರೀಟ.

ಬದಿಯಡ್ಕ ಕಡೆಯ ಒಂದು ಯಕ್ಷಗಾನ ಸಂಘದವರು ತಮ್ಮ ವ್ಯಾನಿನ ಹಿಂದಿನ ಗಾಜಿಗೆ ಸ್ಟಿಕ್ಕರ್ ಬೇಕು ಅಂತ ಬಂದಿದ್ದರು. ಎರಡಡಿ ಎತ್ತರದ ಕಿರೀಟ, ಎದುರಿನಿಂದ ಕಾಣುವಂತೆ. ಕೆಳಗೆ ಸಂಘದ ಹೆಸರು. ಎಲ್ಲವೂ ಹಳದಿ ವಿನೈಲ್, ಒಂದೇ ಬಣ್ಣ. ನಮ್ಮ ಅಂಗಡಿಯ ಹೊಸ ಹುಡುಗ ಫೋಟೋ ಇಟ್ಟುಕೊಂಡು ಕೋರೆಲ್‌ಡ್ರಾದಲ್ಲಿ ಟ್ರೇಸ್ ಮಾಡಿದ. ಅಲ್ಲಲ್ಲಿ ತಾನೇ ಒಂದಷ್ಟು ಬಿಡಿಸಿದ. ಸ್ಕ್ರೀನ್ ಮೇಲೆ ನೋಡಿದರೆ ಚಂದವೇ ಇತ್ತು.

ಸ್ಕ್ರೀನ್ ಮೇಲಿನ ಚಂದವನ್ನು ನಾನು ಮೊದಲು ನೋಡುವುದೇ ಇಲ್ಲ. ಫೈಲ್ ತೆರೆದ ಕೂಡಲೇ ವೈರ್‌ಫ್ರೇಮ್‌ಗೆ ಹಾಕುತ್ತೇನೆ. ಇಲಸ್ಟ್ರೇಟರ್ ಆದರೆ Ctrl+Y. ಬಣ್ಣ ಎಲ್ಲ ಹೋಗಿ ಬರೀ ಗೆರೆ ಉಳಿಯುತ್ತದೆ. ಕಟಿಂಗ್ ಮೆಷಿನ್ ಕಾಣುವುದೂ ಇಷ್ಟನ್ನೇ. ಅದಕ್ಕೆ ಬಣ್ಣ ಗೊತ್ತಿಲ್ಲ, ಯಾವುದು ಮೇಲೆ ಯಾವುದು ಕೆಳಗೆ ಗೊತ್ತಿಲ್ಲ. ಗೆರೆ ಇದ್ದಲ್ಲೆಲ್ಲ ಬ್ಲೇಡ್ ಓಡುತ್ತದೆ.

ಕಿರೀಟವನ್ನು ಹಾಗೆ ನೋಡಿದಾಗ ಕೆಲವು ಜಾಗ ದಟ್ಟ ಕಪ್ಪಾಗಿತ್ತು. ಗೆರೆಯ ಮೇಲೆ ಗೆರೆ. ಅಂಚಿನ ಪಟ್ಟಿಯನ್ನು ಅವನು ಬೇರೆ ತುಂಡಾಗಿ ಮಾಡಿ, ನಡುವಿನ ಭಾಗದ ಮೇಲೆ ತಂದು ಕೂರಿಸಿದ್ದ. ಎರಡೂ ಹಳದಿ, ಹಾಗಾಗಿ ಕಣ್ಣಿಗೆ ಒಂದೇ ಆಕಾರ. ಬ್ಲೇಡಿಗೆ ಮಾತ್ರ ಎರಡು. ಹೀಗೇ ಕಳಿಸಿದ್ದರೆ ಪಟ್ಟಿಯ ಅಂಚು ನಡುವಿನ ಭಾಗವನ್ನು ಸೀಳಿಕೊಂಡು ಹೋಗುತ್ತಿತ್ತು. ಒಂದೇ ತುಂಡಾಗಿ ಬರಬೇಕಾದ ಕಿರೀಟ ಗಾಜಿಗೆ ಅಂಟಿಸುವಾಗ ಚೂರು ಚೂರಾಗಿ ಕೈಗೆ ಬರುತ್ತಿತ್ತು.

ಇನ್ನೊಂದು ಜಾಗದಲ್ಲಿ ಬಿಳಿ ತೇಪೆ ಇತ್ತು. ಕಿರೀಟದ ನಡುವೆ ಖಾಲಿ ಕಾಣಬೇಕಾದ ಕಡೆ, ತೂತು ಮಾಡುವ ಬದಲು ಬಿಳಿ ಆಕಾರವೊಂದನ್ನು ಮೇಲಿಟ್ಟಿದ್ದ. ಕಾಗದದ ಮೇಲೆ ಪ್ರಿಂಟ್ ಹೊಡೆದರೆ ಇದು ನಡೆಯುತ್ತದೆ. ತೇಪೆ ಪೂರ್ತಿ ಒಳಗೇ ಇದ್ದರೆ ಕಟಿಂಗ್‌ನಲ್ಲೂ ಅದೃಷ್ಟಕ್ಕೆ ಪಾರಾಗಬಹುದು. ಆ ತುಂಡು ಕಿತ್ತು ತೆಗೆದರೆ ಆಯಿತು. ಆದರೆ ಇಲ್ಲಿ ತೇಪೆಯ ಒಂದು ಮೂಲೆ ಪಕ್ಕದ ಮಣಿಸಾಲಿನ ಮೇಲೆ ಚಾಚಿತ್ತು. ಮಣಿಗಳು ತೇಪೆಗಿಂತ ಮೇಲಿದ್ದ ಕಾರಣ ಸ್ಕ್ರೀನಲ್ಲಿ ಅದು ಕಾಣುತ್ತಿರಲಿಲ್ಲ. ವೈರ್‌ಫ್ರೇಮ್‌ನಲ್ಲಿ ಎರಡು ಮಣಿಗಳ ಹೊಟ್ಟೆಯೊಳಗೇ ಗೆರೆ ಹೋಗಿದ್ದು ಕಂಡಿತು.

ಮದ್ದು ಕಷ್ಟದ್ದಲ್ಲ. ಒಂದಾಗಬೇಕಾದ್ದನ್ನು ವೆಲ್ಡ್ ಮಾಡಬೇಕು. ಕಳೆಯಬೇಕಾದ್ದನ್ನು ಟ್ರಿಮ್ ಮಾಡಿ ತೇಪೆಯನ್ನು ಅಳಿಸಬೇಕು. ಆದರೆ ವೆಲ್ಡ್ ಬೇರೆ, ಕಂಬೈನ್ ಬೇರೆ. ಹೊಸಬರು Ctrl+L ಒತ್ತಿ ‘ಒಂದು ಮಾಡಿದೆ ಅಣ್ಣ’ ಅನ್ನುತ್ತಾರೆ. ಕೋರೆಲ್‌ನಲ್ಲಿ ಅದು ಕಂಬೈನ್. ಎರಡು ಆಕಾರ ಒಂದೇ ಆಬ್ಜೆಕ್ಟ್ ಆಗುತ್ತದೆ ನಿಜ, ಆದರೆ ಒಂದರ ಮೇಲೊಂದು ಬಿದ್ದ ಜಾಗ ತೂತಾಗುತ್ತದೆ, ಗೆರೆಗಳೆಲ್ಲ ಹಾಗೇ ಉಳಿಯುತ್ತವೆ. (ಇಂಕ್‌ಸ್ಕೇಪ್‌ನಲ್ಲಿ ಅದೇ Ctrl+L ನೋಡ್, ಅಂದರೆ ಗೆರೆಯನ್ನು ಹಿಡಿದಿಡುವ ಬಿಂದುಗಳನ್ನು, ಕಡಿಮೆ ಮಾಡುವ ಸಿಂಪ್ಲಿಫೈ. ಎರಡೂ ಬಳಸುವವರ ಗತಿ ದೇವರಿಗೇ ಪ್ರೀತಿ.)

ಈ ಕಂಬೈನ್ ಗಲಾಟೆ ಚಿತ್ರಕ್ಕಿಂತ ಜಾಸ್ತಿ ನಮ್ಮ ಅಕ್ಷರಕ್ಕೆ ಬಡಿಯುತ್ತದೆ. ಅಂಗಡಿಗಳಲ್ಲಿ ಇನ್ನೂ ನುಡಿ ತರಹದ ಹಳೆಯ ಫಾಂಟುಗಳೇ ಓಡುತ್ತಿವೆ. ಅವುಗಳಲ್ಲಿ ‘ಕ’ ಅನ್ನುವುದು ಒಂದು ಅಕ್ಷರವಲ್ಲ. ಕೆಳಗಿನ ಮೈ ಒಂದು ತುಂಡು, ತಲಕಟ್ಟು ಇನ್ನೊಂದು ತುಂಡು. ಎರಡೂ ಸೇರುವ ಕಡೆ ಒಂದರ ಮೇಲೊಂದು ಸ್ವಲ್ಪ ಹತ್ತಿರುತ್ತವೆ. ಓದುವಾಗ, ಪ್ರಿಂಟ್ ಹಾಕುವಾಗ ಏನೂ ಗೊತ್ತಾಗುವುದಿಲ್ಲ. ಅಕ್ಷರವನ್ನು ಬರೀ ಗೆರೆಯ ಆಕಾರವಾಗಿಸಿ, ಅಂದರೆ ಕರ್ವ್ಸ್ ಮಾಡಿ, ಕಟಿಂಗ್‌ಗೆ ಹಾಕಿದರೆ ತಲಕಟ್ಟು ಕತ್ತರಿಸಿಕೊಂಡು ಬೇರೆಯೇ ಆಗುತ್ತದೆ. ಕಂಬೈನ್ ಆಗಿದ್ದರೆ ಸೇರುವ ಜಾಗದಲ್ಲಿ ಸಣ್ಣ ಬಿಳಿ ಸೀಳು. ಊರಿನ ಬೋರ್ಡುಗಳಲ್ಲಿ, ವಾಹನಗಳ ಮೇಲೆ ಇಂಥ ಸೀಳು ಬಿದ್ದ ಕನ್ನಡ ಅಕ್ಷರ ಹುಡುಕಿದರೆ ಸಿಗುತ್ತದೆ. ಹಾಗಾಗಿ ಅಕ್ಷರಗಳನ್ನು ಕರ್ವ್ಸ್ ಮಾಡಿದ ಮೇಲೆ ತುಂಡು ತುಂಡಾಗಿ ಬಿಡಿಸಿ, ಒಂದೊಂದು ಅಕ್ಷರದ ತುಂಡುಗಳನ್ನು ವೆಲ್ಡ್ ಮಾಡಿಸುತ್ತೇನೆ. ಬಿಡಿಸುವಾಗ ಅಕ್ಷರದ ಹೊಟ್ಟೆಯ ತೂತು ಕೂಡ ಬೇರೆ ತುಂಡಾಗಿ ಮುಚ್ಚಿಹೋಗುವುದುಂಟು. ಅದನ್ನು ಟ್ರಿಮ್ ಮಾಡಿ ಮತ್ತೆ ತೆರೆಯಬೇಕು.

ಮೇಲೆ ಬಿದ್ದ ಆಕಾರಗಳ ಲೆಕ್ಕ ಮುಗಿದ ಮೇಲೆಯೇ ನೋಡ್‌ಗಳಿಗೆ ಬರುವುದು. ಈ ಕ್ರಮ ತಿರುಗಿಸಬಾರದು. ವೆಲ್ಡ್ ಮಾಡಿದಾಗ ಎರಡು ಗೆರೆ ಅಡ್ಡ ಹಾಯುವ ಕಡೆಯಲ್ಲೆಲ್ಲ ಹೊಸ ನೋಡ್ ಹುಟ್ಟುತ್ತದೆ. ಮೊದಲೇ ನೋಡ್ ಕಡಿಮೆ ಮಾಡಿ ಕೂತರೆ ಅದೇ ಕೆಲಸ ಮತ್ತೊಮ್ಮೆ.

ಕಿರೀಟವನ್ನು F10 ಒತ್ತಿ ಆರಿಸಿದಾಗ 3,000ಕ್ಕೂ ಮೇಲೆ ನೋಡ್ ತೋರಿಸಿತು. ಟ್ರೇಸ್ ಮಾಡಿದ ಹೊರ ಅಂಚಿನಲ್ಲೇ ಹೆಚ್ಚಿನವು. ಫೋಟೋದ ಪಿಕ್ಸೆಲ್ ಮೆಟ್ಟಿಲುಗಳನ್ನೂ ಟ್ರೇಸ್ ನಿಷ್ಠೆಯಿಂದ ಬಿಡಿಸಿಕೊಟ್ಟಿತ್ತು. ಇದು ಬ್ಲೇಡಿಗೆ ಯಾಕೆ ತೊಂದರೆ? ವಿನೈಲ್ ಕಟರ್‌ನ ಬ್ಲೇಡ್ ತುದಿ ಅದರ ನಡುವಿನಿಂದ ಸ್ವಲ್ಪ ಹಿಂದೆ ಇರುತ್ತದೆ, ಸಾಮಾನ್ಯವಾಗಿ 0.25 ಮಿ.ಮೀ. ಅದು ಎಳೆದುಕೊಂಡು ಹೋಗುತ್ತಲೇ ದಿಕ್ಕು ತಿರುಗುತ್ತದೆ. ಅದಕ್ಕಿಂತ ಹತ್ತಿರ ಹತ್ತಿರ ನೋಡ್ ಇಟ್ಟು, ಒಂದೊಂದರಲ್ಲೂ ಚೂರು ದಿಕ್ಕು ಬದಲಿಸಿದರೆ ಬ್ಲೇಡ್ ಸರಿಯಾಗಿ ತಿರುಗುವ ಮೊದಲೇ ಮುಂದಿನ ತಿರುವು ಬರುತ್ತದೆ. ಕಟರ್ ಕರ ಕರ ಸದ್ದು ಮಾಡುತ್ತದೆ. ಅಂಚು ಗರಗಸದ ಹಲ್ಲಿನಂತೆ ಬರುತ್ತದೆ.

ಹಾಗಾದರೆ ನೋಡ್ ಎಷ್ಟಿರಬೇಕು? ವೃತ್ತಕ್ಕೆ ನಾಲ್ಕು ಸಾಕು. ನಾಲ್ಕು ನೋಡ್ ಇಟ್ಟು ಅವುಗಳ ಹಿಡಿಕೆ ಎಳೆದು ಬಾಗಿಸಿದ ವೃತ್ತ, ಅಂದರೆ ಬೆಜಿಯರ್ ವೃತ್ತ, ನಿಜವಾದ ವೃತ್ತದಿಂದ ತಪ್ಪುವುದು ತ್ರಿಜ್ಯದ ಶೇಕಡಾ 0.03ಕ್ಕಿಂತ ಕಡಿಮೆ. 10 ಸೆಂ.ಮೀ. ತ್ರಿಜ್ಯ ಇದ್ದರೂ ತಪ್ಪು 0.03 ಮಿ.ಮೀ. ಮುಟ್ಟುವುದಿಲ್ಲ. ನಮ್ಮ ಹುಡುಗನ ಒಂದೊಂದು ಮಣಿಯಲ್ಲಿ ಇಪ್ಪತ್ತು, ಮೂವತ್ತು ನೋಡ್ ಇದ್ದವು, ಆದರೂ ಒಂದೂ ಉರುಟಾಗಿರಲಿಲ್ಲ. ಉಳಿದ ಆಕಾರಕ್ಕೆ ನಾನು ಹುಡುಕುವುದು ಎರಡೇ ಜಾಗ: ಚೂಪು ಮೂಲೆ ಇರುವಲ್ಲಿ, ಮತ್ತು ಗೆರೆ ಅತೀ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಹೋಗಿ ತಿರುಗುವಲ್ಲಿ. ಬಸಳೆ ಚಪ್ಪರಕ್ಕೆ ಕಂಬ ಊರಿದ ಹಾಗೆ, ಭಾರ ಬೀಳುವಲ್ಲಿ ಕಂಬ ಇದ್ದರೆ ಸಾಕು. ನಡುವೆ ಒಂದು ನೋಡ್ ಇದೆ ಅಂದರೆ ಅಳಿಸಿ ನೋಡುತ್ತೇನೆ. ಆಕಾರ ಬದಲಾಗದಿದ್ದರೆ ಅದು ಬೇಡದ್ದು. ಸ್ವಲ್ಪವೇ ಬದಲಾದರೆ ಪಕ್ಕದ ಹಿಡಿಕೆ ಎಳೆದು ಸರಿ ಮಾಡಬಹುದು.

ಎಲ್ಲವನ್ನೂ ಆರಿಸಿ ಒಂದೇ ಸಲ ನೋಡ್ ಕಡಿಮೆ ಮಾಡುವ ಬಟನ್ ಇದೆ ಅಲ್ವಾ ಅಂತ ಹುಡುಗ ಕೇಳಿದ. ಇದೆ. ಕಿರೀಟದ ಮೇಲೆ ಅದನ್ನೇ ಓಡಿಸಿ ತೋರಿಸಿದೆ. ನೋಡ್ ಸರ್ರನೆ ಇಳಿಯಿತು. ಆದರೆ ತುದಿಯ ಚೂಪು ಮೊಂಡಾಯಿತು, ಉರುಟು ಮಣಿಗಳು ಮೊಟ್ಟೆಯಾದವು. ಆ ಬಟನ್‌ಗೆ ಯಾವುದು ಮೂಲೆ, ಯಾವುದು ಕೈ ನಡುಕ ಅನ್ನುವುದು ತಿಳಿಯುವುದಿಲ್ಲ. ಹುಲ್ಲು, ಗಡ್ಡ, ಮೋಡದಂಥ ಒರಟು ಆಕಾರಕ್ಕೆ ಬಳಸಿ. ಕಿರೀಟದಂಥ ಅಚ್ಚುಕಟ್ಟು ಆಕಾರವನ್ನು ಮತ್ತೆ ಬಿಡಿಸುವುದೇ ಬೇಗ ಮುಗಿಯುವ ದಾರಿ.

ಹಾಗೇ ಮಾಡಿದೆವು. ಫೋಟೋವನ್ನು ಕೆಳಗಿಟ್ಟು ಬಲ ಅರ್ಧ ಮಾತ್ರ ಬಿಡಿಸಿದ. ಎಡಕ್ಕೆ ಕನ್ನಡಿ ಹಿಡಿದಂತೆ ಪ್ರತಿ ತೆಗೆದು ವೆಲ್ಡ್ ಮಾಡಿದ. ಇಲ್ಲೂ ನೋಡಬೇಕಾದ ಒಂದು ಜಾಗ ಇದೆ. ಎರಡು ಅರ್ಧ ಬರೀ ತಾಗಿಕೊಂಡಿದ್ದರೆ ನಡುವೆ ಕೂದಲೆಳೆಯ ಗೆರೆ ಉಳಿಯಬಹುದು. ಅದಕ್ಕೆ ಒಂದರ ಮೇಲೊಂದು ಸ್ವಲ್ಪ ಹತ್ತಿಸಿ ವೆಲ್ಡ್ ಮಾಡಿ, ನಡುಗೆರೆಯಲ್ಲಿ ಹುಟ್ಟಿದ ಹೆಚ್ಚಿನ ನೋಡ್ ತೆಗೆಯಬೇಕು. ನಡುಗೆರೆಯ ಮೇಲೆ ಕಮಾನು ಇದ್ದರೆ ಅಲ್ಲಿನ ಹಿಡಿಕೆ ನೇರ ಅಡ್ಡಕ್ಕೆ ಇರಬೇಕು. ಇಲ್ಲದಿದ್ದರೆ ಸಣ್ಣ ಕೊಕ್ಕೋ, ತಗ್ಗೋ ಎದ್ದು ಕಾಣುತ್ತದೆ. ಮಣಿ ಒಂದನ್ನೇ ಮಾಡಿ, ಸಾಲಿನುದ್ದಕ್ಕೂ ಪ್ರತಿ ಇಟ್ಟ. ಒಟ್ಟು ನೋಡ್ 500ರ ಆಸುಪಾಸಿಗೆ ಬಂತು.

ಮಣಿಗಳ ಗಾತ್ರದಲ್ಲಿ ಮಾತ್ರ ಮಾತು ಬೆಳೆಯಿತು. ಫೈಲನ್ನು ನಿಜವಾದ ಅಳತೆಯಲ್ಲಿ ನೋಡಿದರೆ ಒಂದು ಮಣಿ 2 ಮಿ.ಮೀ. ಅಷ್ಟು ಸಣ್ಣ ತುಂಡು ಬೇಡದ ವಿನೈಲ್ ಕೀಳುವಾಗಲೇ ಎದ್ದು ಬರುತ್ತದೆ. ಉಳಿದರೂ ವ್ಯಾನ್ ತೊಳೆಯುವ ಬಟ್ಟೆಗೆ ಹೋಗುತ್ತದೆ. ಸಂಘದ ಕಾರ್ಯದರ್ಶಿ ನಿವೃತ್ತ ಮಾಷ್ಟ್ರು. ಮಣಿ ಕಡಿಮೆ ಮಾಡಿ ದೊಡ್ಡದು ಮಾಡುತ್ತೇವೆ ಅಂದಾಗ ಅವರಿಗೆ ಸರಿ ಬೀಳಲಿಲ್ಲ.

“ಮಣಿ ತೆಗೆದರೆ ಅದು ಕಿರೀಟವೋ, ನಾಟಕದ ಟೊಪ್ಪಿಯೋ?” ಅಂದರು.

“ಮಾಷ್ಟ್ರೇ, ತೆಗೆಯುವುದಿಲ್ಲ. ಎರಡು ಸಾಲನ್ನು ಒಂದು ಸಾಲು ಮಾಡುತ್ತೇನೆ. ದೂರದಿಂದ ಸಾಲು ಕಾಣುತ್ತದೆ, ಲೆಕ್ಕ ಕಾಣುವುದಿಲ್ಲ.”

ಒಂದು ಸಾಲಿನ ತುಂಡು ಕತ್ತರಿಸಿ ಗಾಜಿಗೆ ಅಂಟಿಸಿ ತೋರಿಸಿದೆ. ಹತ್ತಡಿ ಹಿಂದೆ ನಿಂತು ನೋಡಿದರು. “ಅಕ್ಕು, ಆದರೆ ಬದಿಯ ಬಾಗು ಬದಲಾಗಬಾರದು” ಅಂದರು. ಅದು ಸರಿಯಾದ ಮಾತು. ಆ ಬಾಗು ಹೋದರೆ ತೆಂಕಿನ ಕಿರೀಟ ಅಂತ ಗುರುತು ಸಿಗುವುದಿಲ್ಲ. ಅಲ್ಲಿ ನಾವು ಒಂದು ನೋಡ್ ಕೂಡ ಕಡಿಮೆ ಮಾಡಲಿಲ್ಲ.

ಇದೆಲ್ಲ ಒಂದೇ ಬಣ್ಣದ ಕಟಿಂಗ್‌ನ ಮಾತು. ಎರಡು ಬಣ್ಣದ ವಿನೈಲ್ ಆದರೆ ಮೇಲಿನ ಬಣ್ಣವನ್ನು ಕೆಳಗಿನದರ ಮೇಲೆ ಬೇಕಂತಲೇ ಸ್ವಲ್ಪ ಹತ್ತಿಸುತ್ತೇವೆ. ಇಲ್ಲದಿದ್ದರೆ ಅಂಟಿಸುವಾಗ ಕೂದಲಷ್ಟು ಜರುಗಿದರೂ ನಡುವೆ ಗಾಜು ಕಾಣುತ್ತದೆ. ಹಾಗಾಗಿ ಮೇಲೆ ಬಿದ್ದದ್ದೆಲ್ಲ ತಪ್ಪು ಅಂತ ಕಣ್ಣು ಮುಚ್ಚಿ ವೆಲ್ಡ್ ಮಾಡಿಬಿಡಬೇಡಿ.

ವೆಲ್ಡ್ ಮಾಡುವ ಮುಂಚೆ ಫೈಲಿನ ಒಂದು ಪ್ರತಿ ಉಳಿಸಿಕೊಳ್ಳಿ. ಕರ್ವ್ಸ್ ಆದ ಅಕ್ಷರ ಮತ್ತೆ ಅಕ್ಷರವಾಗುವುದಿಲ್ಲ. ಕಟಿಂಗ್‌ಗೆ ಹಾಕುವ ದಿನ ಬೆಳಿಗ್ಗೆ ಮಾಷ್ಟ್ರ ಫೋನು ಬಂತು, ಸಂಘದ ಹೆಸರಿನ ಕೊನೆಗೆ ‘(ರಿ.)’ ಬಿಟ್ಟುಹೋಗಿದೆ, ಹಾಕಲೇಬೇಕು ಅಂತ. ಹಳೆಯ ಪ್ರತಿ ತೆರೆದು ಸೇರಿಸಿದ್ದು ಕೂಡಲೇ ಆಯಿತು. ಆದರೆ ಆ ‘ರಿ’ ಪಕ್ಕದ ಚುಕ್ಕಿ ಅಳತೆಯಲ್ಲಿ ಒಂದೂವರೆ ಮಿ.ಮೀ. ಬಂತು. ಹುಡುಗ ನನ್ನ ಮುಖ ನೋಡಿದ. ಚುಕ್ಕಿ ಬಿಟ್ಟು ‘(ರಿ)’ ಅಂತ ಕತ್ತರಿಸಿದೆವು.