ಟೇಬಲ್ ಬದಲಿಸಿದರೆ ಬಿಲ್ ಹಿಂದೆ ಬರಲ್ಲ

ದಾವಣಗೆರೆಯ ಒಂದು ಹೋಟೆಲಿನಲ್ಲಿ ಈಗ ಪ್ರತಿ ಟೇಬಲ್ಲಿಗೂ ಒಂದು ಕ್ಯೂಆರ್ ಕೋಡ್. ಬೆಣ್ಣೆ ದೋಸೆ ತಿಂದು ಸ್ಕ್ಯಾನ್ ಮಾಡಿದರೆ ಬಿಲ್ಲೇ ಮೊಬೈಲಿನಲ್ಲಿ ಕಾಣುತ್ತದೆ. ಗಲ್ಲಾ ಮೇಲಿನ ಕೋಡ್‌ಗೆ ಹಾಕುವ ಹಾಗೆ ಇಲ್ಲಿ ಮೊತ್ತವನ್ನು ನಾವು ಹಾಕಬೇಕಿಲ್ಲ. ಈ ಕೋಡ್‌ನಲ್ಲಿರುವುದು ಹೋಟೆಲಿನ ಗುರುತು ಮತ್ತು ಟೇಬಲ್ ನಂಬರ್ ಅಷ್ಟೇ. ಮೊತ್ತ ಬರುವುದು ಬಿಲ್ಲಿಂಗ್ ಕಂಪ್ಯೂಟರಿನಿಂದ. ಯುಪಿಐ ಪಿನ್ ಹಾಕಿ ದುಡ್ಡು ಹೋದರೆ ಅಲ್ಲಿ ಆ ಟೇಬಲ್ಲಿನ ಬಿಲ್ ತಾನಾಗೇ ಕ್ಲೋಸ್.

ನಿನ್ನೆ ಒಂದು ಕುಟುಂಬ 4ನೇ ಟೇಬಲ್ಲಿನಲ್ಲಿ ಆರ್ಡರ್ ಕೊಟ್ಟು, ಫ್ಯಾನ್ ಗಾಳಿಗೆ ಅಂತ ನಮ್ಮ ಪಕ್ಕದ 9ಕ್ಕೆ ಬಂದು ಕೂತಿತು. ತಿಂದಾದ ಮೇಲೆ ಸ್ಕ್ಯಾನ್ ಮಾಡಿದರೆ ಬಾಕಿ ಸೊನ್ನೆ!

"ಅಣ್ಣಾ, ಬಿಲ್ಲೇ ಬಂದಿಲ್ವಲ್ಲ?"

"ಇರಿ ಸಾರ್, 4ರದ್ದು 9ಕ್ಕೆ ಹಾಕಿಸ್ತೀನಿ" ಅಂತ ಸಪ್ಲೈಯರ್ ಗಲ್ಲಾದ ಕಡೆ ಓಡಿದ. ಅವನನ್ನು ಕರೆಯೋದೇ ಬೇಡ ಅಂತ ಮಾಡಿದ ಏರ್ಪಾಡು ಇದು! ಕೋಡ್‌ಗೆ ಟೇಬಲ್ ಗೊತ್ತು, ನಾವು ಗೊತ್ತಿಲ್ಲ. ಅವನಿಗೆ ಮುಖ ಗೊತ್ತಿರುತ್ತೆ, ಅಲ್ವಾ?

ಕೊನೆಗೆ ಹೇಳುವ ಕಾಫಿದೂ ಇದೇ ಕಥೆ. ಅದು ಕಂಪ್ಯೂಟರಿಗೆ ಏರುವ ಮೊದಲೇ ದುಡ್ಡು ಕೊಟ್ಟರೆ, ಕಾಫಿ ಒಂದೇ ಬೇರೆ ಬಿಲ್ ಆಗಿ ಉಳಿದುಬಿಡುತ್ತದೆ. ಪಿನ್ ಹಾಕುವ ಮೊದಲು ಐಟಂಗಳನ್ನೂ ಹೋಟೆಲಿನ ಹೆಸರನ್ನೂ ಒಮ್ಮೆ ನೋಡಿಕೊಳ್ಳಿ.